ಗಾಡಿಯಿಂದ ನೋಡಿದ ಮಳೆ: ಅದು ತೋರುವ ದಿಕ್ಕು, ಕೊಡೆ ಬಾಗಿಸುವ ಕೋನ

ಮಳೆ-ಕೊಡೆ ಲೆಕ್ಕ ಬಂದ ತಕ್ಷಣ ಬಹಳ ಜನ tan θ ಅಂತ ಬರೆದು, ಎರಡು ಸಂಖ್ಯೆ ಹಾಕಿ, ಉತ್ತರ ತೆಗೆದುಬಿಡುತ್ತಾರೆ. ಮಳೆ ನೇರ ಕೆಳಗೆ ಬೀಳುತ್ತಿದ್ದರೆ ಅಷ್ಟೇ ಸಾಕು. ಗಾಳಿ ಸೇರಿಕೊಂಡಾಗ ಸಾಕಾಗುವುದಿಲ್ಲ. "ಗಾಡಿ ಇಷ್ಟು ವೇಗದಲ್ಲಿದ್ದಾಗ ಮಳೆ ನೇರ ಬೀಳುವಂತೆ ಕಾಣುತ್ತದೆ, ವೇಗ ಹೆಚ್ಚಿಸಿದಾಗ ಓರೆಯಾಗಿ ಕಾಣುತ್ತದೆ, ಹಾಗಾದರೆ ಮಳೆಯ ನಿಜವಾದ ವೇಗ ಎಷ್ಟು?" ಅಂತ ಕೇಳುವ ಲೆಕ್ಕ ಇದೆಯಲ್ಲ, ಅದನ್ನು ಒಂದು ಸಲ ಸರಿಯಾಗಿ ಬಿಡಿಸಿದರೆ ಈ ಪಾಠದ ಉಳಿದ ಲೆಕ್ಕಗಳು ಅದರೊಳಗೇ ಸಿಗುತ್ತವೆ. ಅದಕ್ಕೇ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಹನಿ ಹೇಗೆ ಬೀಳುತ್ತದೆ ಅಂತ ನೋಡೋಣ. ಮೋಡದಿಂದ ಹೊರಟ ಹನಿ ಬೀಳುತ್ತಾ ಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತಲೇ ಇರುವುದಿಲ್ಲ. ಗಾಳಿಯ ತಡೆ ಅದರ ತೂಕಕ್ಕೆ ಸಮವಾದ ಮೇಲೆ ಅದೇ ವೇಗದಲ್ಲಿ ಇಳಿಯುತ್ತದೆ. 1 ಮಿಲಿಮೀಟರ್ ಅಡ್ಡಳತೆಯ ಹನಿ ಸೆಕೆಂಡಿಗೆ ಸುಮಾರು 4 ಮೀಟರ್, 2 ಮಿಲಿಮೀಟರ್ ಹನಿ ಸುಮಾರು 6.5 ಮೀಟರ್, 5 ಮಿಲಿಮೀಟರಿನ ದಪ್ಪ ಹನಿ ಸುಮಾರು 9 ಮೀಟರ್. ಇದು ಕೆಳಗಿಳಿಯುವ ವೇಗ. ಅಡ್ಡಕ್ಕೆ ಹನಿ ಹೆಚ್ಚುಕಡಿಮೆ ಗಾಳಿಯ ವೇಗದಲ್ಲೇ ತೇಲಿಕೊಂಡು ಹೋಗುತ್ತದೆ. ಅಂದರೆ ಮಳೆಯ ವೇಗದಲ್ಲಿ ಎರಡು ಭಾಗ: ಕೆಳಮುಖ ಭಾಗವನ್ನು ಹನಿಯ ಗಾತ್ರ ನಿರ್ಧರಿಸುತ್ತದೆ, ಅಡ್ಡ ಭಾಗವನ್ನು ಗಾಳಿ ನಿರ್ಧರಿಸುತ್ತದೆ.

ಈಗ ಗಾಡಿ ಹತ್ತಿ. ಗಾಡಿಯಲ್ಲಿ ಕೂತವರಿಗೆ ತಾವು ನಿಂತೇ ಇದ್ದೇವೆ ಅನಿಸುತ್ತದೆ, ಹೊರಗಿನದೆಲ್ಲ ಗಾಡಿಯ ವೇಗದಲ್ಲಿ ಹಿಂದಕ್ಕೆ ಓಡುತ್ತದೆ. ಮಳೆಯೂ ಅಷ್ಟೇ. ಅದಕ್ಕಿರುವ ವೇಗದ ಜೊತೆ ನಮ್ಮ ವೇಗ ತಿರುಗುಮುರುಗಾಗಿ ಸೇರಿಕೊಳ್ಳುತ್ತದೆ. ಸಾಪೇಕ್ಷ ವೇಗ = ಮಳೆಯ ವೇಗ − ಗಾಡಿಯ ವೇಗ ಅನ್ನುವ ಸೂತ್ರ ಹೇಳುವುದೂ ಇದನ್ನೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಡಿ ಹೋಗುವುದು ಅಡ್ಡಕ್ಕೆ ಮಾತ್ರ. ಆದ್ದರಿಂದ ಕಳೆಯುವುದೂ ಅಡ್ಡ ಭಾಗದಿಂದ ಮಾತ್ರ. ನೀವು ನಿಂತಿರಲಿ, ತೆವಳಲಿ, ಓಡಲಿ, ಮಳೆಯ ಕೆಳಮುಖ ಭಾಗ ಹಾಗೇ ಉಳಿಯುತ್ತದೆ. ನನ್ನ ಪ್ರಕಾರ ಈ ಪಾಠದಲ್ಲಿ ತಲೆಯಲ್ಲಿ ಉಳಿಯಬೇಕಾದ್ದು ಇದೊಂದೇ, ಸೂತ್ರವನ್ನು ಬೇಕೆಂದಾಗ ಇದರಿಂದಲೇ ಕಟ್ಟಿಕೊಳ್ಳಬಹುದು.

ಲೆಕ್ಕಕ್ಕೆ ಬರೋಣ. ಮೇಲೆ ಮುಚ್ಚಿಗೆಯಿಲ್ಲದ ಗಾಡಿಯೊಂದು ನೇರ ರಸ್ತೆಯಲ್ಲಿ ಹೋಗುತ್ತಿದೆ. ವೇಗ ಸೆಕೆಂಡಿಗೆ 4 ಮೀಟರ್ ಇದ್ದಾಗ ಮಳೆ ನೇರ ಕೆಳಗೆ ಬೀಳುವಂತೆ ಕಾಣುತ್ತದೆ. ವೇಗ 7 ಮೀಟರಿಗೆ ಏರಿದಾಗ, ಅದೇ ಮಳೆ ಮುಂದಿನಿಂದ, ಲಂಬರೇಖೆಗೆ 30 ಡಿಗ್ರಿ ಓರೆಯಾಗಿ ಬರುವಂತೆ ಕಾಣುತ್ತದೆ. ಮಳೆಯ ನಿಜವಾದ ವೇಗವೂ ದಿಕ್ಕೂ ಬೇಕು.

ಮೊದಲ ಮಾತಿನಲ್ಲೇ ಅರ್ಧ ಉತ್ತರ ಇದೆ. ನೇರ ಕಾಣುತ್ತದೆ ಅಂದರೆ ಗಾಡಿಯವರ ಪಾಲಿಗೆ ಅಡ್ಡ ಭಾಗ ಸೊನ್ನೆ. ಗಾಡಿ 4 ಮೀಟರ್ ವೇಗದಲ್ಲಿದ್ದರೂ ಸೊನ್ನೆ ಆಗಬೇಕಾದರೆ ಮಳೆಯೂ ಅದೇ ದಿಕ್ಕಿಗೆ 4 ಮೀಟರ್ ವೇಗದಲ್ಲಿ ಸಾಗುತ್ತಿರಲೇಬೇಕು. ಅಂದರೆ ಗಾಳಿ ಗಾಡಿಯ ಹಿಂದಿನಿಂದ ಬೀಸುತ್ತಿದೆ. "ಮಳೆ ನೇರ ಕಾಣುತ್ತದೆ" ಅನ್ನುವುದನ್ನು "ಮಳೆ ನೇರ ಬೀಳುತ್ತಿದೆ" ಅಂತ ಓದಿಕೊಂಡರೆ ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ. ಚಲಿಸುವ ಗಾಡಿಗೆ ನೇರ ಕಂಡ ಮಳೆ ನೆಲದ ಮೇಲೆ ನಿಂತವರಿಗೆ ಖಂಡಿತ ಓರೆ.

ಎರಡನೆಯ ಮಾತು. ಗಾಡಿ 7, ಮಳೆಯ ಅಡ್ಡ ಭಾಗ 4, ಆದ್ದರಿಂದ ಗಾಡಿಯವರಿಗೆ ಮಳೆ 7 − 4 = 3 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುವಂತೆ, ಅಂದರೆ ಮುಂದಿನಿಂದ ಮುಖಕ್ಕೆ ಬರುವಂತೆ ಕಾಣುತ್ತದೆ. ಕೆಳಮುಖ ಭಾಗವನ್ನು v ಅಂತಿಟ್ಟುಕೊಳ್ಳಿ.

tan 30° = 3 / v

v = 3 / 0.577 = 5.2 (ಸುಮಾರು)

ಈಗ ಎರಡೂ ಭಾಗ ಕೈಯಲ್ಲಿವೆ, ಅಡ್ಡಕ್ಕೆ 4, ಕೆಳಕ್ಕೆ 5.2. ನಿಜವಾದ ವೇಗ √(16 + 27) = √43, ಸೆಕೆಂಡಿಗೆ ಸುಮಾರು 6.6 ಮೀಟರ್. ದಿಕ್ಕು tan θ = 4 / 5.2, ಅಂದರೆ ಲಂಬರೇಖೆಗೆ ಸುಮಾರು 38 ಡಿಗ್ರಿ, ಗಾಡಿ ಹೋಗುವ ಕಡೆಗೇ ಓರೆ. ಉತ್ತರ ಬಂದ ಮೇಲೆ ಅದು ನಂಬುವಂತಿದೆಯಾ ಅಂತಲೂ ನೋಡಿ. 5.2 ಮೀಟರ್ ಇಳಿಯುವ ವೇಗ ಅಂದರೆ ಒಂದು, ಒಂದೂವರೆ ಮಿಲಿಮೀಟರಿನ ಹನಿ, ಸಾಮಾನ್ಯ ಮಳೆ. ಇದೇ ಜಾಗದಲ್ಲಿ 40 ಬಂದಿದ್ದರೆ ಅಷ್ಟು ವೇಗದಲ್ಲಿ ಇಳಿಯುವ ಮಳೆಹನಿಯೇ ಇಲ್ಲ, ಎಲ್ಲೋ ಕಿಲೋಮೀಟರ್-ಗಂಟೆಯನ್ನು ಮೀಟರ್-ಸೆಕೆಂಡಿಗೆ ಬದಲಿಸದೆ ಹಾಕಿದ್ದೀರಿ ಅಂತ ಗೊತ್ತಾಗುತ್ತದೆ.

ಇದನ್ನು ಚಿತ್ರವಾಗಿ ಬರೆದರೆ ಇನ್ನೂ ಚೆನ್ನ. ಹಾಳೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇಡಿ. ಅದರಿಂದ 5.2 ಸೆಂಟಿಮೀಟರ್ ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಗಾಡಿಗೆ ಕಾಣುವ ಮಳೆಯ ಬಾಣಗಳೆಲ್ಲ ಆ ಚುಕ್ಕೆಯಲ್ಲಿ ಶುರುವಾಗಿ ಆ ಗೆರೆಯ ಮೇಲೇ ಮುಗಿಯುತ್ತವೆ. ಗಾಡಿಯ ವೇಗ 1 ಮೀಟರ್ ಏರಿದಾಗಲೆಲ್ಲ ಬಾಣದ ತುದಿ ಗೆರೆಯ ಮೇಲೆ 1 ಸೆಂಟಿಮೀಟರ್ ಹಿಂದಕ್ಕೆ ಜಾರುತ್ತದೆ, ಅಷ್ಟೇ. ಎರಡು ವೇಗ, ಎರಡು ಕೋನ ಕೊಟ್ಟ ಯಾವ ಲೆಕ್ಕವನ್ನಾದರೂ, ಎರಡರಲ್ಲಿ ಒಂದೂ ನೇರ ಕಾಣದಿದ್ದರೂ ಸಹ, ಈ ಚಿತ್ರದಿಂದ ಬಿಡಿಸಬಹುದು.

ಕೊಡೆಗೆ ಬರೋಣ. ಮಳೆ ಯಾವ ಕಡೆಯಿಂದ ಬರುವಂತೆ ಕಾಣುತ್ತದೋ ಆ ಕಡೆಗೆ ಕೊಡೆಯ ಮೇಲ್ತುದಿ ಇರಬೇಕು. ಕೊಡೆಯ ಕೋಲು ಬಾಣದ ಗೆರೆಯಲ್ಲೇ ಇರಬೇಕು, ಮೇಲ್ತುದಿ ಬಾಣ ಬರುವ ಕಡೆಗೆ. ಬಾಣ ಹೋಗುವ ಕಡೆಗೆ ಕೊಡೆ ಬಾಗಿಸಿದರೆ ಪೂರ್ತಿ ನೆನೆಯುತ್ತೀರಿ. ನಮ್ಮ ಗಾಡಿಯಲ್ಲೇ ನೋಡಿ. 4 ಮೀಟರ್ ವೇಗದಲ್ಲಿ ಕೊಡೆ ನೇರ. 7ರಲ್ಲಿ ಮುಂದಕ್ಕೆ 30 ಡಿಗ್ರಿ. 10ಕ್ಕೆ ಏರಿಸಿದರೆ ಅಡ್ಡ ಭಾಗ 6 ಆಗುತ್ತದೆ, 6 / 5.2 ಅಂದರೆ ಮುಂದಕ್ಕೆ ಸುಮಾರು 49 ಡಿಗ್ರಿ. ವೇಗ 2ಕ್ಕೆ ಇಳಿಸಿದರೆ ಮಳೆಯೇ ನಮಗಿಂತ ಜೋರು, ಅದು ಹಿಂದಿನಿಂದ ಬರುತ್ತದೆ, ಕೊಡೆ ಹಿಂದಕ್ಕೆ 21 ಡಿಗ್ರಿ. ಗಾಡಿ ನಿಂತೇಬಿಟ್ಟರೆ ಹಿಂದಕ್ಕೆ 38 ಡಿಗ್ರಿ. ಚಲಿಸುವವರು ಕೊಡೆಯನ್ನು ಯಾವಾಗಲೂ ಮುಂದಕ್ಕೇ ಬಾಗಿಸಬೇಕು ಅನ್ನುವ ಅಭ್ಯಾಸದ ಉತ್ತರ, ಹಿಂದಿನಿಂದ ಗಾಳಿ ಇದ್ದು ನಾವು ಅದಕ್ಕಿಂತ ನಿಧಾನ ಇದ್ದಾಗ ತಪ್ಪು. ಕೋನದ ಜಾಸ್ತಿ-ಕಡಿಮೆಯೂ ವೇಗದ ಜೊತೆ ಸಮನಾಗಿ ಏರುವುದಿಲ್ಲ ಗಮನಿಸಿ: 4ರಿಂದ 7ಕ್ಕೆ 30 ಡಿಗ್ರಿ ಬಾಗಿತು, 7ರಿಂದ 10ಕ್ಕೆ 19 ಮಾತ್ರ.

tan ಬದಲು sin ಹಾಕುವ ತಪ್ಪು ಬಹಳ ಸಲ ಕಾಣುತ್ತದೆ. ಅದರ ಕಾರಣ ಹೊಳೆ ದಾಟುವ ದೋಣಿಯ ಲೆಕ್ಕ. ಎದುರು ದಡಕ್ಕೆ ನೇರ ಸೇರಬೇಕು ಅಂದಾಗ ದೋಣಿಯ ವೇಗ ತ್ರಿಕೋನದ ವಿಕರ್ಣ ಆಗುತ್ತದೆ, ಆದ್ದರಿಂದ ಅಲ್ಲಿ sin ಸರಿ. ಇಲ್ಲಿ ನಮಗೆ ಗೊತ್ತಿರುವುದು ಒಂದಕ್ಕೊಂದು ಲಂಬವಾದ ಎರಡು ಬಾಹುಗಳು, ಕೆಳಮುಖ ಭಾಗ ಮತ್ತು ಅಡ್ಡ ಭಾಗ. ವಿಕರ್ಣ ಆಮೇಲೆ ಸಿಗುವಂಥದ್ದು. ಆದರೆ ಪ್ರಶ್ನೆಯಲ್ಲಿ ಕೊಟ್ಟ ವೇಗ ಯಾವುದು ಅಂತ ಓದಿ ನೋಡಲೇಬೇಕು. "ಮಳೆ ಲಂಬಕ್ಕೆ 30 ಡಿಗ್ರಿ ಓರೆಯಾಗಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಳುತ್ತಿದೆ" ಅಂದರೆ ಆ 10 ವಿಕರ್ಣವೇ. ಮೊದಲು ಅದನ್ನು ಒಡೆಯಬೇಕು, ಅಡ್ಡಕ್ಕೆ 10 sin 30° = 5, ಕೆಳಕ್ಕೆ 10 cos 30° = 8.7. ಗಾಡಿಯ ವೇಗ ಕಳೆಯುವುದು ಆ 5ರಿಂದ, 10ರಿಂದ ಅಲ್ಲ.

ಗಾಳಿ ಪಕ್ಕದಿಂದ ಬೀಸಿದರೆ ಹಾಳೆ ಮೇಲಿನ ಒಂದು ತ್ರಿಕೋನ ಸಾಲದು, ಎರಡು ಬೇಕು. ಗಾಡಿ ಉತ್ತರಕ್ಕೆ 4 ಮೀಟರ್ ವೇಗದಲ್ಲಿ ಹೋಗುತ್ತಿದೆ, ಗಾಳಿ ಪೂರ್ವದಿಂದ 3 ಮೀಟರ್ ವೇಗದಲ್ಲಿ ಬೀಸುತ್ತಿದೆ, ಮಳೆ ಕೆಳಕ್ಕೆ 5 ಮೀಟರ್ ಇಳಿಯುತ್ತಿದೆ ಅಂತಿಟ್ಟುಕೊಳ್ಳಿ. ಪೂರ್ವದ ಗಾಳಿ ಅಂದರೆ ಹನಿ ಹೋಗುವುದು ಪಶ್ಚಿಮಕ್ಕೆ. ಗಾಡಿಯವರಿಗೆ ಹನಿ ಪಶ್ಚಿಮಕ್ಕೆ 3, ದಕ್ಷಿಣಕ್ಕೆ 4. ಮೊದಲು ಮೇಲಿನಿಂದ ನೋಡಿದ ತ್ರಿಕೋನ: ಒಟ್ಟು ಅಡ್ಡ ವೇಗ 5, ಮಳೆ ಬರುವುದು ಉತ್ತರದಿಂದ ಪೂರ್ವಕ್ಕೆ ಸುಮಾರು 37 ಡಿಗ್ರಿ ತಿರುಗಿದ ಕಡೆಯಿಂದ. ಆಮೇಲೆ ಪಕ್ಕದಿಂದ ನೋಡಿದ ತ್ರಿಕೋನ: ಅಡ್ಡಕ್ಕೆ 5, ಕೆಳಕ್ಕೆ 5, ಆದ್ದರಿಂದ ಕೊಡೆ 45 ಡಿಗ್ರಿ ಬಾಗಬೇಕು, ಈಗ ಹೇಳಿದ ಆ ಈಶಾನ್ಯದ ಕಡೆಗೆ. ಎರಡು ಕೋನಗಳನ್ನೂ ಬರೆಯದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ.

ಇದನ್ನೆಲ್ಲ ನಿಜವಾದ ಮಳೆಯಲ್ಲಿ ನೋಡಬೇಕು ಅನಿಸಿದರೆ, ಓಡುವ ಬಸ್ಸಿನ ಅಥವಾ ರೈಲಿನ ಪಕ್ಕದ ಕಿಟಕಿ ಸಾಕು. ಗಾಜಿಗೆ ಬಡಿದ ಹನಿ ಆ ಕ್ಷಣಕ್ಕೆ ಎಳೆಯುವ ಓರೆಗೆರೆಯೇ ನಮ್ಮ ಬಾಣದ ದಿಕ್ಕು. ಒಂದು ಫೋಟೋ ತೆಗೆದು, ಕೋನಮಾಪಕ ಇಟ್ಟು ಅಳೆಯಿರಿ. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. ಗೆರೆ ಲಂಬಕ್ಕೆ 68 ಡಿಗ್ರಿ ಇದ್ದು ಗಾಳಿ ಇಲ್ಲದಿದ್ದರೆ, tan 68° ಸುಮಾರು 2.5, ಮಳೆ ಸೆಕೆಂಡಿಗೆ 6 ಮೀಟರಿನಂತೆ ಇಳಿಯುತ್ತಿದೆ. ಹೊಸ ಗೆರೆಯನ್ನೇ ಅಳೆಯಬೇಕು. ಗಾಜಿಗೆ ಅಂಟಿಕೊಂಡ ಹನಿಯನ್ನು ಆಮೇಲೆ ಗಾಡಿಯ ಪಕ್ಕದ ಗಾಳಿ ಎಳೆದುಕೊಂಡು ಹೋಗುತ್ತದೆ, ಅದು ಬಿಡುವ ಗೆರೆ ಹೆಚ್ಚುಕಡಿಮೆ ಅಡ್ಡವೇ ಆಗಿರುತ್ತದೆ, ಮಳೆಯ ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಸಣ್ಣ ತುಂತುರು ಹನಿಗಳು ಗಾಡಿ ಸೀಳಿದ ಗಾಳಿಯ ಜೊತೆ ಸುಲಭವಾಗಿ ಸರಿದುಬಿಡುತ್ತವೆ, ಆದ್ದರಿಂದ ಈ ಅಳತೆಗೆ ದಪ್ಪ ಹನಿಯ ಮಳೆಯೇ ಸರಿ.

ಗಾಳಿ ಇದೆಯೋ ಇಲ್ಲವೋ ಗೊತ್ತಾಗದಿದ್ದರೂ ಒಂದು ಉಪಾಯ ಇದೆ. ಅದೇ ರಸ್ತೆಯಲ್ಲಿ ಅದೇ ವೇಗ u ಇಟ್ಟುಕೊಂಡು ಹೋಗುವಾಗ ಒಂದು ಕೋನ, ಮಳೆ ಬದಲಾಗುವ ಮೊದಲೇ ವಾಪಸ್ ಬರುವಾಗ ಒಂದು ಕೋನ ಅಳೆಯಿರಿ. ಗಾಡಿಯ ವೇಗ ಗಾಳಿಗಿಂತ ಜಾಸ್ತಿ ಇದ್ದರೆ ಎರಡು ಸಲವೂ ಮಳೆ ಮುಂದಿನಿಂದಲೇ ಬರುತ್ತದೆ. ರಸ್ತೆಯ ಉದ್ದಕ್ಕೆ ಗಾಳಿಯ ವೇಗ w ಆದರೆ ಒಂದು ಸಲ tan A = (u + w) / v, ಇನ್ನೊಂದು ಸಲ tan B = (u − w) / v. ಎರಡನ್ನೂ ಕೂಡಿದರೆ w ಹೊರಟುಹೋಗುತ್ತದೆ:

v = 2u / (tan A + tan B)

ಒಂದರಿಂದ ಇನ್ನೊಂದನ್ನು ಕಳೆದರೆ w ಕೂಡ ಸಿಗುತ್ತದೆ. ಪಕ್ಕದಿಂದ ಬೀಸುವ ಗಾಳಿ ಈ ಗೆರೆಯ ಕೋನವನ್ನು ಬದಲಿಸುವುದಿಲ್ಲ, ಯಾಕೆಂದರೆ ಅದು ಹನಿಯನ್ನು ಗಾಜಿನ ಕಡೆಗೆ ತಳ್ಳುತ್ತದೆ ಅಥವಾ ಗಾಜಿನಿಂದ ದೂರ ಒಯ್ಯುತ್ತದೆ, ಗಾಜಿನ ಉದ್ದಕ್ಕೆ ಸರಿಸುವುದಿಲ್ಲ.