ಉಳಿತಾಯದ ಪಟ್ಟಿ ನಾಲ್ಕು ಮಿಲಿಮೀಟರ್

ಮನೆಯ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಪಟ್ಟಿಗಳಲ್ಲಿ ತೋರಿಸುವ ಸ್ಯಾಂಕಿ ಚಿತ್ರವನ್ನು ಓದುವುದು ಹೇಗೆ? ಕಲಬುರಗಿಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಂಡನಿಗೆ ದಾಲ್ ಮಿಲ್ಲಿನಲ್ಲಿ ಕೆಲಸ, ವರ್ಷಕ್ಕೆ 1,80,000 ರೂಪಾಯಿ ಸಂಬಳ. ಊರಲ್ಲಿ ನಾಲ್ಕು ಎಕರೆ ಹೊಲ, ತೊಗರಿ ಮಾರಿ 1,20,000 ಬಂತು. ಹೆಂಡತಿಯ ಹೊಲಿಗೆಯಿಂದ 36,000, ಗೃಹಲಕ್ಷ್ಮಿಯಿಂದ 24,000. ಜೊತೆಗೆ ಸಂಘದಿಂದ 40,000 ಸಾಲ. ಒಟ್ಟು ಕೈಗೆ ಬಂದದ್ದು 4,00,000.

ಇದನ್ನು ಸ್ಯಾಂಕಿ ಚಿತ್ರವಾಗಿ ಬರೆದರೆ ಎಡಗಡೆಯಿಂದ ಐದು ಪಟ್ಟಿಗಳು ಹರಿದು ಬಂದು ನಡುವಿನ ಕಂಬಕ್ಕೆ ಸೇರುತ್ತವೆ. ಅಲ್ಲಿಂದ ಬಲಗಡೆಗೆ ಖರ್ಚಿನ ಪಟ್ಟಿಗಳು ಕವಲೊಡೆಯುತ್ತವೆ. ಹೆಸರು ಬಂದದ್ದು ಮ್ಯಾಥ್ಯೂ ಸ್ಯಾಂಕಿ ಎಂಬ ಎಂಜಿನಿಯರ್‌ನಿಂದ. ಉಗಿ ಎಂಜಿನ್ನಿನ ಶಾಖ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ತೋರಿಸಲು ಆತ 1898ರಲ್ಲಿ ಇಂಥ ಚಿತ್ರ ಬಳಸಿದ್ದ. (ಬೆಂಗಳೂರಿನ ಸ್ಯಾಂಕಿ ಕೆರೆಯವರು ಬೇರೆ, ರಿಚರ್ಡ್ ಸ್ಯಾಂಕಿ.)

ಓದುವಾಗ ನೋಡಬೇಕಾದದ್ದು ಪಟ್ಟಿಯ ಅಗಲ ಮಾತ್ರ. ಒಂದು ಮಿಲಿಮೀಟರಿಗೆ 5,000 ರೂಪಾಯಿ ಅಂತ ಇಟ್ಟರೆ ನಡುವಿನ ಕಂಬ 80 ಮಿಲಿಮೀಟರ್ ಎತ್ತರ, ತೊಗರಿ ಪಟ್ಟಿ 24 ಮಿಲಿಮೀಟರ್ ಅಗಲ. ಉದ್ದಕ್ಕೆ ಯಾವ ಅರ್ಥವೂ ಇಲ್ಲ. ಆದರೂ ಕಣ್ಣು ಮೋಸಹೋಗುತ್ತದೆ, ಉದ್ದ ಪಟ್ಟಿ ಜಾಸ್ತಿ ದುಡ್ಡಿನ ಹಾಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳಲ್ಲಿ ಕಡಿದಾಗಿ ಇಳಿಯುವ ಪಟ್ಟಿ ನಡುವೆ ಸಣಕಲಾಗಿಯೂ ಕಾಣುತ್ತದೆ. ಹಾಗಾಗಿ ಅಗಲವನ್ನು ಪಟ್ಟಿ ಕಂಬಕ್ಕೆ ತಾಗುವ ಜಾಗದಲ್ಲೇ ಅಳೆಯಬೇಕು.

ಇನ್ನು ಬಲಗಡೆ. ಊಟ, ಕಿರಾಣಿಗೆ 1,20,000. ಬಾಡಿಗೆ 60,000, ಹೊಲದ ಖರ್ಚು 60,000, ಮಕ್ಕಳ ಶಾಲೆ 50,000. ಓಡಾಟ, ಕರೆಂಟು, ಮೊಬೈಲಿಗೆ 35,000, ದವಾಖಾನೆಗೆ 25,000. ಸಾಲದ ಕಂತು 30,000. ಉಳಿದ 20,000 ಉಳಿತಾಯ, ಅಂದರೆ ನಾಲ್ಕು ಮಿಲಿಮೀಟರ್. ಎಲ್ಲ ಕೂಡಿದರೆ ಮತ್ತೆ 4,00,000. ಕಂಬಕ್ಕೆ ಬಂದಷ್ಟೇ ಹೊರಗೆ ಹೋಗಬೇಕು. ಹೋಗದಿದ್ದರೆ ಯಾವುದೋ ಖರ್ಚು ಬರೆಯುವುದು ಬಿಟ್ಟುಹೋಗಿದೆ ಅಂತ ಅರ್ಥ.

ಲೆಕ್ಕ ಸರಿಹೋಯಿತು ಅಂತ ಸುಮ್ನೆ ನಂಬುವ ಹಾಗಿಲ್ಲ. ಎಡಗಡೆ ಸಂಬಳದ ಪಕ್ಕದಲ್ಲೇ ಸಾಲವೂ ಕೂತಿದೆ, ನೋಡಿದರೆ ಅದೂ ಆದಾಯವೇ ಅನ್ನಿಸುತ್ತದೆ. ಸಾಲ ಅಂದರೆ ಮುಂದೆ ತೀರಿಸಬೇಕಾದ ದುಡ್ಡು ಅಲ್ವಾ? ಕಂತಿನ 30,000ದಲ್ಲಿ 6,000 ಬಡ್ಡಿ, 24,000 ಅಸಲು ಎಂದುಕೊಳ್ಳಿ. ಹೊಸದಾಗಿ 40,000 ತಂದು, ಅಸಲು 24,000 ತೀರಿಸಿದ ಮೇಲೆ ಮನೆಯ ಸಾಲ 16,000 ಹೆಚ್ಚಾಯಿತು. ಬ್ಯಾಂಕಿನಲ್ಲಿ 20,000 ಇದೆ, ನಿಜ. ಆದರೆ ಆ ವರ್ಷ ಮನೆಗೆ ದಕ್ಕಿದ್ದು ಬರೀ 4,000. ಚಿತ್ರದಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ. ಸಾಲದ ಪಟ್ಟಿಗಳಿಗೆ, ಬಂದದ್ದಕ್ಕೂ ಹೋದದ್ದಕ್ಕೂ, ಬೇರೆಯದೇ ಒಂದು ಬಣ್ಣ ಹಚ್ಚಬೇಕು ಅನ್ನುವುದು ನನ್ನ ಹಟ.

ಹೊಲದ ಖರ್ಚನ್ನು ಎಲ್ಲಿಂದ ಕವಲೊಡೆಸುತ್ತೀರಿ ಅನ್ನುವುದರ ಮೇಲೂ ಚಿತ್ರ ಬದಲಾಗುತ್ತದೆ. ಬೀಜ, ಔಷಧ, ಕೂಲಿ, ರಾಶಿ ಮಾಡುವ ಮಷೀನಿನ ಬಾಡಿಗೆ ಇವೆಲ್ಲ ಮನೆಖರ್ಚಲ್ಲ, ತೊಗರಿ ಬೆಳೆಯಲು ಆದ ಖರ್ಚು. ನಡುವಿನ ಕಂಬಕ್ಕೆ ಸೇರುವ ಮೊದಲೇ ಅದನ್ನು ಬೇರೆ ಮಾಡಬಹುದು. SankeyMATIC ಎಂಬ ತಾಣದಲ್ಲಿ ಇಷ್ಟು ಬರೆದರೆ ಸಾಕು:

```
ತೊಗರಿ [60000] ಒಟ್ಟು
ತೊಗರಿ [60000] ಹೊಲದ ಖರ್ಚು
```

ಈಗ ಕಂಬ 3,40,000ಕ್ಕೆ ಇಳಿಯಿತು. ಊಟದ ದುಡ್ಡು ಒಂದು ರೂಪಾಯಿಯೂ ಬದಲಾಗಿಲ್ಲ, ಆದರೆ ಅದರ ಪಾಲು ನೂರಕ್ಕೆ 30ರಿಂದ 35ಕ್ಕೆ ಏರಿತು. ಹಾಗಾಗಿ ಯಾರಾದರೂ ಪಾಲಿನ ಮಾತಾಡಿದರೆ, ಕಂಬದೊಳಗೆ ಏನೇನು ಸೇರಿದೆ ಅಂತ ಮೊದಲು ಕೇಳಿ.

ಊಟದ ಪಟ್ಟಿಯಲ್ಲೂ ಒಂದು ಕೊರತೆ ಇದೆ. ಮಾರದೆ ಮನೆಗೆ ಇಟ್ಟುಕೊಂಡ ತೊಗರಿ, ಊರಿಂದ ಬಂದ ರೊಟ್ಟಿಯ ಜೋಳ ಇವಕ್ಕೆ ದುಡ್ಡು ಕೊಟ್ಟಿಲ್ಲ, ಹಾಗಾಗಿ ಪಟ್ಟಿಯೇ ಇಲ್ಲ. ಸೇರಿಸಬೇಕೆಂದರೆ ಅಂಗಡಿ ಬೆಲೆ ಹಿಡಿದು ಎಡಕ್ಕೂ ಬಲಕ್ಕೂ ಒಂದೇ ಮೊತ್ತ ಹಾಕಬೇಕು. ಒಂದು ಕಡೆ ಮಾತ್ರ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕಂಬ ದಾಟಿದ ಮೇಲೆ ಯಾವ ರೂಪಾಯಿ ಎಲ್ಲಿಂದ ಬಂತು ಅನ್ನುವುದೂ ಅಳಿಸಿಹೋಗುತ್ತದೆ. ಮೊದಲ ಚಿತ್ರದಲ್ಲಿ ತೊಗರಿಯ ಪಟ್ಟಿಯೂ ಊಟದ ಪಟ್ಟಿಯೂ 24 ಮಿಲಿಮೀಟರ್ ಇವೆ. ಎದುರುಬದುರು ಬಂದುಬಿಟ್ಟರೆ ತೊಗರಿಯಿಂದಲೇ ಊಟ ನಡೆಯಿತು ಅನ್ನಿಸುತ್ತದೆ. ಚಿತ್ರ ಹಾಗೆ ಹೇಳುತ್ತಿಲ್ಲ.

ಇನ್ನು, ಈ ಚಿತ್ರದಲ್ಲಿ ತಿಂಗಳುಗಳಿಲ್ಲ. ತೊಗರಿ ದುಡ್ಡು ಬರುವುದು ರಾಶಿ ಮುಗಿದ ಮೇಲೆ, ಜನವರಿಯ ಹೊತ್ತಿಗೆ. ಬೀಜ, ಗೊಬ್ಬರ, ಶಾಲೆ ಫೀ ಎಲ್ಲ ಒಟ್ಟಿಗೆ ಬರುವುದು ಜೂನ್‌ನಲ್ಲಿ. ವರ್ಷದ ಚಿತ್ರದಲ್ಲಿ 20,000 ಉಳಿಸಿದ ಮನೆ 40,000 ಸಾಲ ಯಾಕೆ ತಂದಿತು ಅನ್ನುವುದು ಒಗಟಾಗಿಯೇ ಉಳಿಯುತ್ತದೆ. ಜೂನ್ ತಿಂಗಳೊಂದಕ್ಕೇ ಬೇರೆ ಚಿತ್ರ ಬರೆದರೆ ಎಡಗಡೆ ಸಂಬಳ, ಹೊಲಿಗೆ, ಗೃಹಲಕ್ಷ್ಮಿಯ ತೆಳು ಪಟ್ಟಿಗಳು, ಬಲಗಡೆ ಬೀಜ ಮತ್ತು ಫೀಯ ದಪ್ಪ ಪಟ್ಟಿಗಳು. ನಡುವಿನ ಅಂತರವನ್ನು ತುಂಬಿದ್ದು ಸಂಘದ ಸಾಲ.