ಮೇಲ್ವೆಚ್ಚ ಹಂಚುವಾಗ ಯಾವ ಗಂಟೆಯನ್ನು ಎಣಿಸಬೇಕು?

ಮೇಲ್ವೆಚ್ಚ ಎಂದರೇನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡು ನೇರವಾಗಿ ತೊಡಕಿನ ಜಾಗಕ್ಕೆ ಬರುತ್ತೇನೆ. ಕಾರ್ಖಾನೆಯ ಒಂದು ಭಾಗದಲ್ಲಿ ಯಂತ್ರಗಳು ತಾವಾಗಿಯೇ ಓಡುತ್ತವೆ, ಇನ್ನೊಂದು ಭಾಗದಲ್ಲಿ ಜನ ಕೈಯಿಂದ ಜೋಡಿಸುತ್ತಾರೆ. ಆಗ ಹಂಚಿಕೆಗೆ ಆಧಾರ ಯಾವುದು?

ಆಧಾರವನ್ನು ಆರಿಸುವುದಕ್ಕೂ ಮೊದಲು ಮೇಲ್ವೆಚ್ಚವನ್ನೇ ವಿಭಾಗವಾರು ಬಿಡಿಸಬೇಕು. ನನ್ನ ತಲೆಗೆ ನಿಧಾನವಾಗಿ ಇಳಿದದ್ದು ಇದೇ. ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಯಂತ್ರ ವಿಭಾಗದಲ್ಲಿ ಸವಕಳಿ, ವಿದ್ಯುತ್, ದುರಸ್ತಿ ಸೇರಿ ವರ್ಷದ ಮೇಲ್ವೆಚ್ಚ 6,00,000. ಅಲ್ಲಿ 10,000 ಯಂತ್ರ ಗಂಟೆಗಳಿವೆ. ಒಬ್ಬ ಕೆಲಸಗಾರ ಐದು ಯಂತ್ರಗಳನ್ನು ನೋಡಿಕೊಳ್ಳುವುದರಿಂದ ಕಾರ್ಮಿಕ ಗಂಟೆಗಳು 2,000 ಮಾತ್ರ. ಜೋಡಣೆ ವಿಭಾಗದ ಮೇಲ್ವೆಚ್ಚ 2,00,000, ಕಾರ್ಮಿಕ ಗಂಟೆಗಳು 8,000. ಅಲ್ಲಿ ಯಂತ್ರಗಳಿಲ್ಲ.

ಎರಡನ್ನೂ ಕೂಡಿಸಿ ಇಡೀ ಕಾರ್ಖಾನೆಗೆ ಕಾರ್ಮಿಕ ಗಂಟೆಯ ಒಂದೇ ದರ ತೆಗೆದರೆ 8,00,000 ÷ 10,000 = 80. ಬಿಡಿಸಿ ತೆಗೆದರೆ ಯಂತ್ರ ವಿಭಾಗಕ್ಕೆ ಯಂತ್ರ ಗಂಟೆಗೆ 60, ಜೋಡಣೆಗೆ ಕಾರ್ಮಿಕ ಗಂಟೆಗೆ 25.

ಈಗ ಎರಡು ಕೆಲಸಗಳನ್ನು ನೋಡಿ. ಮೊದಲನೆಯದಕ್ಕೆ 10 ಯಂತ್ರ ಗಂಟೆ, ಅದನ್ನು ನೋಡಿಕೊಳ್ಳಲು 2 ಕಾರ್ಮಿಕ ಗಂಟೆ, ಜೋಡಣೆಗೆ ಇನ್ನು 2 ಗಂಟೆ. ಒಂದೇ ದರದಲ್ಲಿ 4 × 80 = 320. ವಿಭಾಗವಾರು ದರದಲ್ಲಿ 600 + 50 = 650. ಎರಡನೆಯದಕ್ಕೆ 5 ಯಂತ್ರ ಗಂಟೆ, ಅಲ್ಲಿ 1 ಕಾರ್ಮಿಕ ಗಂಟೆ, ಜೋಡಣೆಗೆ 9. ಒಂದೇ ದರದಲ್ಲಿ 800, ವಿಭಾಗವಾರು 300 + 225 = 525.

ಯಂತ್ರವನ್ನು ಹೆಚ್ಚು ದುಡಿಸಿದ ಕೆಲಸದ ಹೊರೆಯನ್ನು ಕೈಕೆಲಸ ಹೊತ್ತಿದೆ. ಹಾಗೆಂದು ಇಡೀ ಕಾರ್ಖಾನೆಗೆ ಯಂತ್ರ ಗಂಟೆಯೊಂದನ್ನೇ ಹಿಡಿದರೂ ಸರಿಹೋಗುವುದಿಲ್ಲ. ಯಂತ್ರ ಮುಟ್ಟದ ಕೆಲಸಕ್ಕೆ ಆಗ ಮೇಲ್ವೆಚ್ಚವೇ ಬೀಳುವುದಿಲ್ಲ, ಜೋಡಣೆಯ ಮೇಲ್ವಿಚಾರಕರ ಸಂಬಳವನ್ನು ಬೇರೆ ಕೆಲಸಗಳು ತೆರಬೇಕಾಗುತ್ತದೆ.

ವರ್ಷದ ಕೊನೆಯಲ್ಲಿ ಮೊತ್ತ ತಾಳೆಯಾಯಿತು ಎಂಬುದು ಆಧಾರ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಅಂದಾಜಿನಂತೆಯೇ ವೆಚ್ಚ, ಗಂಟೆಗಳು ನಡೆದರೆ ಯಾವ ಆಧಾರ ಹಿಡಿದರೂ 8,00,000 ಹಂಚಿಹೋಗುತ್ತದೆ. ತಪ್ಪು ಅಡಗಿರುವುದು ಬಿಡಿ ಕೆಲಸಗಳ ವೆಚ್ಚದಲ್ಲಿ. ಯಂತ್ರದ ಪಾಲು ಹೆಚ್ಚಿರುವ ಕೆಲಸಗಳ ದರಪಟ್ಟಿಗೆ ಗ್ರಾಹಕರು ಚೌಕಾಸಿಯಿಲ್ಲದೆ ಒಪ್ಪುತ್ತಿದ್ದು, ಕೈಕೆಲಸದವು ಸತತವಾಗಿ ಕೈತಪ್ಪುತ್ತಿದ್ದರೆ ಮೊದಲು ದರವನ್ನೇ ಅನುಮಾನಿಸಿ.

ಗಂಟೆಯ ಬದಲು ಸಾಮಗ್ರಿ ವೆಚ್ಚವನ್ನೇ ಹಂಚಿಕೆಗೆ ಆಧಾರವಾಗಿ ಹಿಡಿಯುವ ವಿಷಯ ಚಿಕ್ಕದು. ಒಂದೇ ಆಕಾರದ ಭಾಗವನ್ನು ಉಕ್ಕಿನಲ್ಲೂ ಅದಕ್ಕಿಂತ ದುಬಾರಿಯಾದ ಹಿತ್ತಾಳೆಯಲ್ಲೂ ಮಾಡಬಹುದು. ಹಿತ್ತಾಳೆ ಸುಲಭವಾಗಿ ಕತ್ತರಿಸಿಬರುವುದರಿಂದ ಯಂತ್ರದ ಸಮಯ ಕಡಿಮೆಯೇ ಹಿಡಿದೀತು. ಆದರೂ ಈ ಆಧಾರದಲ್ಲಿ ಹೆಚ್ಚು ಮೇಲ್ವೆಚ್ಚ ಬೀಳುವುದು ಅದಕ್ಕೇ. ದಾಸ್ತಾನಿನ ವಿಮೆಯಂತೆ ಬೆಲೆಯ ಜೊತೆಗೇ ಏರುವ ವೆಚ್ಚಗಳಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಸಾಮಗ್ರಿ ಸಾಗಿಸುವ ಖರ್ಚಿಗೆ ತೂಕವೇ ಮೇಲು.