ಯಾವ ಬೋಪಣ್ಣ?

ಮದುವೆ ಮುಗಿದ ಮೂರನೇ ದಿನಕ್ಕೆ ನನಗೆ ಬರುವ ಫೋನು ಹೆಚ್ಚುಕಮ್ಮಿ ಒಂದೇ. "ಅಕ್ಕ, ಪುಸ್ತಕದಲ್ಲಿ ಬೋಪಣ್ಣ ಅಂತ ನಾಲ್ಕು ಕಡೆ ಇದೆ. ಯಾರು ಯಾರು ಅಂತ ನೆನಪಿದೆಯಾ?" ನನಗೆ ಹೇಗೆ ನೆನಪಿರಬೇಕು? ಆ ಹೊತ್ತಿಗೆ ನಾನು ಅಡುಗೆಯವರ ಹತ್ತಿರ ಅನ್ನ ಸಾಲದು ಅಂತ ಜಗಳ ಆಡ್ತಾ ಇದ್ದೆ.

ಮಡಿಕೇರಿ ಸುತ್ತಮುತ್ತ ಮದುವೆ ಮಾಡಿಸಿಕೊಡುವುದು ನನ್ನ ಕೆಲಸ. ಹೂವು, ಊಟ, ವಾಲಗ ಎಲ್ಲದಕ್ಕೂ ಜನ ತಿಂಗಳುಗಟ್ಟಲೆ ಯೋಚಿಸ್ತಾರೆ. ಉಡುಗೊರೆ ಬರೆಯುವ ಮೇಜಿಗೆ ಮಾತ್ರ ಬೆಳಿಗ್ಗೆ ಎಂಟು ಗಂಟೆಗೆ ಯಾರೋ ಕಾಲೇಜಿಗೆ ಹೋಗುವ ಹುಡುಗನನ್ನು ಕೂರಿಸ್ತಾರೆ. ಅವನು ಪಾಪ, ಕೇಳಿದ ಹೆಸರು ಬರೀತಾನೆ: "ಬೋಪಣ್ಣ, 1001." ಕೊಡಗಿನಲ್ಲಿ ಬರೀ ಬೋಪಣ್ಣ ಅಂದರೆ ಏನೂ ಹೇಳಿದ ಹಾಗೆ ಅಲ್ಲ. ಮನೆ ಹೆಸರು ಬೇಕು, ಊರು ಬೇಕು. ಒಂದೇ ಒಕ್ಕದಲ್ಲಿ, ಅಂದರೆ ಒಂದೇ ಮನೆತನದಲ್ಲಿ, ಅಜ್ಜನ ಹೆಸರೇ ಮೊಮ್ಮಗನಿಗೂ ಇರುತ್ತದೆ, ಹಾಗಾಗಿ ಕೆಲವೊಮ್ಮೆ ಮನೆ ಹೆಸರೂ ಸಾಲದು. "ಅಮ್ಮನ ಕಡೆ", "ಹುಡುಗನ ಆಫೀಸು", "ಪಕ್ಕದ ತೋಟ" ಅಂತ ಸಂಬಂಧವನ್ನೂ ಒಂದು ಮಾತಿನಲ್ಲಿ ಬರೆಯಬೇಕು.

ಮದುವೆಯಾದ ಹೆಂಗಸರ ವಿಷಯ ಇನ್ನೂ ಸೂಕ್ಷ್ಮ. ಈಗಿನ ಮನೆ ಹೆಸರು ಒಂದು, ತಾಮನೆ ಅಂದರೆ ತವರು ಇನ್ನೊಂದು. ಮದುಮಗಳ ಅಮ್ಮನ ತಂಗಿ ಒಂದು ದೀಪ ಕೊಟ್ಟರೆ ಅದು ಅವರ ಗಂಡನ ಮನೆಯಿಂದ ಬಂದದ್ದೋ, ತಾಮನೆಯವರೆಲ್ಲ ಸೇರಿ ಕೊಟ್ಟದ್ದೋ? ನಾಳೆ ಮುಯ್ಯಿ ತೀರಿಸಲು ಯಾರ ಮನೆಯ ಮದುವೆಗೆ ಹೋಗಬೇಕು ಅನ್ನೋದು ಇದರಿಂದಲೇ ಗೊತ್ತಾಗಬೇಕು. ಮೇಜಿನಲ್ಲಿ ಕೇಳಿದರೆ ಅವರೇ ಹೇಳ್ತಾರೆ, ಬೇಜಾರು ಮಾಡಿಕೊಳ್ಳೋದಿಲ್ಲ. ಕೇಳದೆ ಬಿಟ್ಟರೆ ಆಮೇಲೆ ಫೋನ್ ಮಾಡಿ ಕೇಳುವುದಿದೆಯಲ್ಲ, ಬೇಜಾರಾಗುವುದು ಅದಕ್ಕೆ.

ಈಗ ನಾನು ಎಷ್ಟು ಸಲ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳದ ಒಂದು ಮಾತು. ಪುಸ್ತಕದ ಸಾಲಿಗೆ ಯಾವ ನಂಬರೋ, ಪೊಟ್ಟಣದ ಮೇಲೂ ಅದೇ ನಂಬರು. ಪೊಟ್ಟಣ ಕೈಗೆ ಬಂದ ಕ್ಷಣದಲ್ಲೇ, ಕೊಟ್ಟವರು ಎದುರು ನಿಂತಿರುವಾಗಲೇ. "ಆಮೇಲೆ ಹಾಕ್ತೀವಿ ಬಿಡಿ" ಅಂತಾರೆ. ಆ ಆಮೇಲೆ ಬರೋದೇ ಇಲ್ಲ. "ಪೊಟ್ಟಣದ ಮೇಲೆ ಅವರ ಹೆಸರಿನ ಚೀಟಿ ಇದೆಯಲ್ಲ" ಅಂತಲೂ ಅಂತಾರೆ. ಆ ಚೀಟಿ ಅಂಟಿರೋದು ಹೊಳೆಯುವ ಕಾಗದಕ್ಕೆ. ಮಂಟಪದಿಂದ ಪಿಕಪ್‌ಗೆ ತುಂಬಿ ತೋಟದ ರಸ್ತೆಯಲ್ಲಿ ಮನೆ ಸೇರುವಷ್ಟರಲ್ಲಿ ಅರ್ಧ ಚೀಟಿ ಕೆಳಗೆ ಬಿದ್ದಿರುತ್ತವೆ. ಅಂಗಡಿಯಲ್ಲಿ ಸಿಗುವ ಬಿಳಿ ಸ್ಟಿಕರ್ ತನ್ನಿ, ನಂಬರನ್ನು ಬಾಲ್ ಪೆನ್ನಿನಲ್ಲೇ ಬರೆಯಿರಿ. ಏಪ್ರಿಲ್ ಮಳೆಯ ನಾಲ್ಕು ಹನಿ ಬಿದ್ದರೆ ಜೆಲ್ ಪೆನ್ನಿನ 18 ಯಾವುದು, 13 ಯಾವುದು ಅಂತ ದೇವರಿಗೇ ಗೊತ್ತು. ಹುಡುಗಿ ಕಡೆಯದು, ಹುಡುಗನ ಕಡೆಯದು ಬೇರೆ ಬೇರೆ ಪುಸ್ತಕ ಇದ್ದರೆ ನಂಬರಿನ ಹಿಂದೆ "ಹೆ", "ಗ" ಅಂತ ಸೇರಿಸಿ. ಎರಡೂ ಕಡೆಯ ಸಾಮಾನು ಒಂದೇ ಕೋಣೆಗೆ ಬಂದು ಬೀಳುವ ದಿನ ಅದರ ಬೆಲೆ ತಿಳಿಯುತ್ತದೆ.

ಕವರಿಗೂ ಅದೇ ನಿಯಮ. ಮೇಜಿನಲ್ಲಿ ಒಡೆಯಬೇಡಿ. ಸಂಜೆ ಇಬ್ಬರು ಕೂತು, ಒಬ್ಬರು ಒಡೆದು ಎಣಿಸಬೇಕು, ಇನ್ನೊಬ್ಬರು ಅದೇ ನಂಬರಿನ ಎದುರು ಬರೆಯಬೇಕು. ಖಾಲಿ ಕವರನ್ನು ಎಸೆಯಬೇಡಿ, ಲೆಕ್ಕ ಪೂರ್ತಿ ತಾಳೆಯಾಗುವ ತನಕ ಇರಲಿ.

ಹೋದ ವರ್ಷದ ಒಂದು ಮದುವೆ ಹೇಳ್ತೀನಿ. ಪುಸ್ತಕದಲ್ಲಿ 286 ಸಾಲು. ಅದರಲ್ಲಿ 31 ಸಾಲು ಯಾರದ್ದು ಅಂತ ಮನೆಯವರಿಗೆ ಗೊತ್ತಾಗಲಿಲ್ಲ. ಮದುಮಗಳ ಅಮ್ಮ ಅಳುವ ಹಾಗಾಗಿದ್ದರು, ನಾನು ಹೋಗಿ ಕೂತೆ. ಪುಣ್ಯಕ್ಕೆ ಕವರುಗಳನ್ನು ಒಂದು ಅಕ್ಕಿ ಚೀಲಕ್ಕೆ ತುಂಬಿ ಇಟ್ಟಿದ್ದರು. ಕವರಿನ ಮೇಲಿನ ಕೈಬರಹ, ಮನೆ ಹೆಸರು ನೋಡಿ 14 ಸಿಕ್ಕಿತು. ಆಮಂತ್ರಣದ ಪಟ್ಟಿ ಹಿಡಿದು, ಬಂದೂ ಪುಸ್ತಕದಲ್ಲಿ ಕಾಣದವರನ್ನು ಹುಡುಕಿದಾಗ ಇನ್ನೂ 9.

ಉಳಿದ 8ರಲ್ಲಿ 5 ಒಂದೇ ಕಥೆ. ಒಬ್ಬ ಅಣ್ಣ ಊರಿನಿಂದ ಬರುವಾಗ ಅಕ್ಕಪಕ್ಕದ ಐದು ಮನೆಯವರು "ನಮ್ಮದೂ ಕೊಟ್ಟುಬಿಡು" ಅಂತ ಕವರು ಕಳಿಸಿದ್ದರು. ಮೇಜಿನ ಹುಡುಗ ಒಂದರ ಕೆಳಗೆ ಒಂದು ಆರು ಸಾಲು ಅವರ ಹೆಸರೇ ಬರೆದಿದ್ದ! ಅವರದೇ ಕವರು ಒಂದು, ಮಿಕ್ಕ ಐದು ಮನೆಗೆ ಥ್ಯಾಂಕ್ಸೂ ಇಲ್ಲ, ತಾಂಬೂಲವೂ ಇಲ್ಲ. ಈಗ ನನ್ನ ಪುಸ್ತಕದಲ್ಲಿ "ಯಾರ ಕೈಯಲ್ಲಿ ಬಂತು" ಅಂತ ಒಂದು ಕಾಲಂ ಖಾಯಂ. ಇನ್ನೆರಡು ಮೊಬೈಲಿಗೆ ಬಂದ ದುಡ್ಡು, ಹೆಂಡತಿಯ ಖಾತೆಯಿಂದ ಗಂಡ ಹಾಕಿದ್ದು. ಉಳಿದದ್ದು ಒಂದು ಕಂಚಿನ ತೂಗುದೀಪ. ಅದನ್ನು ವಿಡಿಯೋದಲ್ಲಿ ಹಿಡಿದೆವು. ಮುಹೂರ್ತದಲ್ಲಿ ಎಲ್ಲರೂ ಸಾಲಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಅನ್ನೋ ಕೊಳವೆ ಮೂತಿಯ ಪಾತ್ರೆಯಿಂದ ಹಾಲು ಕುಡಿಸಿ ಹರಸುತ್ತಾರಲ್ಲ, ಆ ಸಾಲಿನಲ್ಲಿ ನೀಲಿ ಸೀರೆಯ ಒಬ್ಬರ ಕೈಯಲ್ಲಿ ಉದ್ದನೆಯ ಪೆಟ್ಟಿಗೆ ಇತ್ತು. ಅದಕ್ಕೆ ನಾವು ಎರಡು ಗಂಟೆ ವಿಡಿಯೋ ನೋಡಿದ್ದು, ಮೂರು ಸಲ ಕಾಫಿ ಕುಡಿದದ್ದು.

ಅದೇ ಮನೆಯವರು ರಿಟರ್ನ್ ಗಿಫ್ಟಿಗೆ ಕಾಲು ಕೆ.ಜಿ. ಕಾಫಿ ಪುಡಿಯ 700 ಪೊಟ್ಟಣ ಮಾಡಿಸಿದ್ದರು. ಊಟಕ್ಕೆ ತಲೆ ಲೆಕ್ಕ 700 ಇತ್ತು, ಅದನ್ನೇ ಇದಕ್ಕೂ ಹಾಕಿದರು. ಊಟಕ್ಕೆ ತಲೆ ಲೆಕ್ಕ ಸರಿ, ತಾಂಬೂಲಕ್ಕೆ ಮನೆ ಲೆಕ್ಕ. ಒಂದು ಮನೆಯಿಂದ ನಾಲ್ಕು ಜನ ಬಂದರೂ ಹೋಗುವುದು ಒಂದು ಚೀಲ. ಕರೆದದ್ದು 320 ಮನೆ, ಹತ್ತು ಪರ್ಸೆಂಟ್ ಜಾಸ್ತಿ ಅಂದರೂ 352 ಸಾಕಿತ್ತು. ಸುಮಾರು ಅರ್ಧದಷ್ಟು ಹಾಗೇ ಉಳಿಯಿತು. ಪುಡಿ ಮಾಡಿದ ಕಾಫಿ ಕೆಲವೇ ವಾರದಲ್ಲಿ ಪರಿಮಳ ಕಳೆದುಕೊಳ್ಳುತ್ತದೆ, ಇಟ್ಟು ಇಟ್ಟು ಕೊಡೋ ಹಾಗಿಲ್ಲ. ಉಳಿದರೂ ಕೆಡದ್ದು ಬೇಕಿದ್ದರೆ ಕರಿಮೆಣಸೋ ಜೇನೋ ಕೊಡಿ. ಕೊಟ್ಟ ಮೇಲೆ ಅದೇ ಪುಸ್ತಕದಲ್ಲಿ ಆ ಸಾಲಿಗೆ ಒಂದು ಟಿಕ್ ಹಾಕಿ. ಟಿಕ್ ಇಲ್ಲದ ಮನೆಗಳೇ ನಿಮ್ಮ ಮುಂದಿನ ವಾರದ ಕೆಲಸ.

ಬೆಲೆ ಬರೆಯಬೇಕಾ ಅಂತ ಕೇಳ್ತಾರೆ. ಮೇಜಿನಲ್ಲಿ ಬೇಡ, ನೋಡಲು ಚೆನ್ನಾಗಿರೋದಿಲ್ಲ. ಮನೆಯಲ್ಲಿ ತುಂಬಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರ ನಿಯಮಗಳೇ ಇವೆ: ಮದುಮಗಳಿಗೆ ಬಂದದ್ದರ ಪಟ್ಟಿಯನ್ನು ಅವಳು, ಮದುಮಗನಿಗೆ ಬಂದದ್ದನ್ನು ಅವನು ಇಟ್ಟುಕೊಳ್ಳಬೇಕು. ವಸ್ತು ಏನು, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಸಂಬಂಧ, ಕೊನೆಗೆ ಇಬ್ಬರ ಸಹಿ. ನಾನು ವಕೀಲಳಲ್ಲ, ಹೆಚ್ಚಿನದನ್ನು ಅವರ ಹತ್ತಿರ ಕೇಳಿ. ಆದರೆ ಒಂದೇ ಪುಸ್ತಕದಲ್ಲಿ ಎಲ್ಲವನ್ನೂ ಅಪ್ಪನ ಹೆಸರಿಗೆ ಬರೆದಿಡುವ ನಮ್ಮ ಅಭ್ಯಾಸ ಇದಕ್ಕೆ ಹೊಂದುವುದಿಲ್ಲ ಅನ್ನುವಷ್ಟು ನನಗೂ ಗೊತ್ತು.

ಮುಯ್ಯಿಗೆ ಅಷ್ಟೇ ದುಡ್ಡು ತಿರುಗಿ ಕೊಡಬೇಕಾ ಅನ್ನೋದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಇಪ್ಪತ್ತು ವರ್ಷದ ಹಿಂದಿನ 101ಕ್ಕೆ ಇವತ್ತು 101 ಕೊಟ್ಟರೆ ನಗ್ತಾರೆ. ನನ್ನ ಅತ್ತೆ ಹಳೇ ಪುಸ್ತಕ ತೆಗೆದು ಮೊತ್ತ ನೋಡೋದೇ ಇಲ್ಲ. ಆ ಮನೆಯಿಂದ ಯಾರು ಬಂದಿದ್ದರು, ಎಷ್ಟು ದಿನ ಇದ್ದು ಕೆಲಸ ಮಾಡಿದರು ಅಂತ ನೋಡ್ತಾರೆ. ಅವರ ಮದುವೆ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: "ದುಡ್ಡು ಇಲ್ಲ. ಎರಡು ದಿನ ಪಾತ್ರೆ ತೊಳೆದರು." ಹೋದ ಡಿಸೆಂಬರಿನಲ್ಲಿ ಆ ಮನೆಯ ಮೊಮ್ಮಗಳ ಮದುವೆಗೆ ಅತ್ತೆ ಎರಡು ದಿನ ಮೊದಲೇ ಹೋಗಿ ಕೂತಿದ್ದರು. ಎಲ್ಲಿ ಅಂತೀರಿ? ಉಡುಗೊರೆ ಮೇಜಿನಲ್ಲಿ, ಬಾಲ್ ಪೆನ್ ಹಿಡಿದುಕೊಂಡು.